ಮುಳವಾಡದ ಕನ್ನಡಿಯ ವಯಸ್ಸೆಷ್ಟು?

ವಿಜಯಪುರದಿಂದ ಗದಗಿನ ಕಡೆ ಹೋಗುವ ರೈಲು ಹಾದಿಯಲ್ಲಿ ಮುಳವಾಡ ಸಿಗುತ್ತದೆ. ಏತ ನೀರಾವರಿ ಯೋಜನೆಯಿಂದ ಹೆಸರು ಕೇಳಿರುತ್ತೀರಿ. ಅಲ್ಲಿ ನಮ್ಮ ಅತ್ತಿಯ ಹಳೇ ಮನೆಯ ಪಡಸಾಲೆಯಲ್ಲಿ ಸಾಗವಾನಿ ಚೌಕಟ್ಟಿನ ದೊಡ್ಡ ಕನ್ನಡಿಯೊಂದಿದೆ. ಈ ಸಲ ಹೋದಾಗ ಅತ್ತಿ ಹೇಳಿದಳು: "ಹಳೇ ಸಾಮಾನಿನಾವ ಬಂದಿದ್ದ. ರಸ ಬಿಟ್ಟೈತಿ, ರೇಟಿಲ್ಲ, ಬದಲಿಗೆ ಹೊಸಾದು ಕೊಡ್ತೀನಿ ಅಂದಾನ. ಕೊಡ್ಲೇನೋ ತಮ್ಮಾ?"

ಉತ್ತರ ಹೇಳುವ ಮೊದಲು ಕನ್ನಡಿಯನ್ನು ಕೆಳಗಿಳಿಸಿದೆವು.

ಮೊದಲು ರಸ. ನಾವು 'ಪಾದರಸ' ಅಂತೀವಿ, ಅದು ಹಳೇ ನೆನಪು. ಹಿಂದೆ ತವರಕ್ಕೆ ಪಾದರಸ ಬೆರೆಸಿ ಗಾಜಿನ ಹಿಂದೆ ಕೂರಿಸುತ್ತಿದ್ದರು. 1835ರಲ್ಲಿ ಜರ್ಮನಿಯ ಲೀಬಿಗ್ ಬೆಳ್ಳಿ ಲೇಪಿಸುವ ವಿಧಾನ ತೋರಿಸಿದ. ನಿಧಾನವಾಗಿ ಅದೇ ರೂಢಿಯಾಯಿತು. ಪಾದರಸದ ಕನ್ನಡಿ ಹಾಳಾದರೆ ಬೂದುಬಣ್ಣದ ಮಿನುಗು ಚುಕ್ಕೆ ಕಾಣುತ್ತವೆ. ಬೆಳ್ಳಿಯದು ಕಂದು, ಕಪ್ಪಾಗುತ್ತದೆ. ಅತ್ತಿಯದು ಬೆಳ್ಳಿಯದು. ಕಲೆ ಕೆಳ ಅಂಚಿನಿಂದ ಮೇಲೇರಿತ್ತು, ಏಕೆಂದರೆ ಒರೆಸಿದ ನೀರು ಇಳಿದು ಅಲ್ಲೇ ನಿಲ್ಲುತ್ತದೆ. ಆಮ್ಲ ಹಾಕಿ ಹಳೇದು ಮಾಡಿದ ಕನ್ನಡಿಯಲ್ಲಿ ಚುಕ್ಕೆಗಳು ನಡುವಿನಲ್ಲೂ ಒಂದೇ ಸಮ ಹರಡಿರುತ್ತವೆ.

ಆಮೇಲೆ ದಪ್ಪ. ಪೆನ್ನಿನ ತುದಿ ಗಾಜಿಗೆ ಮುಟ್ಟಿಸಿ, ತುದಿಗೂ ಪ್ರತಿಬಿಂಬಕ್ಕೂ ನಡುವಿನ ಸಂದು ನೋಡಿ. ಗಾಜು ದಪ್ಪವಿದ್ದಷ್ಟು ಸಂದು ದೊಡ್ಡದು. ಪ್ರತಿ ಮೂಲೆಯಲ್ಲೂ ಒಂದೇ ಕೋನದಿಂದ ನೋಡಬೇಕು. ಇಲ್ಲಿ ಎಡ ಮೂಲೆಯ ಸಂದು ಬಲಕ್ಕಿಂತ ದೊಡ್ಡದಿತ್ತು. ಕರಗಿದ ತವರದ ಮೇಲೆ ತೇಲಿಸಿ ಮಾಡುವ ಇಂದಿನ ಫ್ಲೋಟ್ ಗಾಜು ಹೀಗಿರುವುದಿಲ್ಲ. ಆದರೆ ಅದರ ಕಾರ್ಖಾನೆ ಭಾರತಕ್ಕೆ ಬಂದದ್ದೇ 1990ರ ದಶಕದಲ್ಲಿ. ಹಾಗಾಗಿ ಈ ಗುರುತೊಂದರಿಂದಲೇ 'ನೂರು ವರ್ಷದ್ದು' ಅನ್ನೋ ಹಾಗಿಲ್ಲ.

ಅಂಚಿನ ಇಳಿಜಾರು ಇನ್ನಷ್ಟು ಹೇಳಿತು. ಯಂತ್ರದ್ದಾದರೆ ಇಳಿಜಾರು ಶುರುವಾಗುವ ಗೆರೆ ಬೆರಳಿಗೆ ಚೂಪಾಗಿ ಸಿಗುತ್ತದೆ, ಅಗಲ ಎಲ್ಲೆಡೆ ಸಮ. ಇಲ್ಲಿ ಕಣ್ಣು ಮುಚ್ಚಿ ಸವರಿದರೆ ಗೆರೆ ಎಲ್ಲಿದೆ ಅಂತ ಗೊತ್ತಾಗಲಿಲ್ಲ, ಅಗಲವೂ ಅಲ್ಲಲ್ಲಿ ಹೆಚ್ಚುಕಡಿಮೆ. ಕೈಯಿಂದ ಉಜ್ಜಿದ್ದು.

ಕೊನೆಗೆ ಚೌಕಟ್ಟು. ಹಳೇ ಚೌಕಟ್ಟಿಗೆ ಹೊಸ ಗಾಜು ಕೂರಿಸುವುದು ಸಾಮಾನ್ಯ. ಹಿಂದಿನ ಹಲಗೆ ಒಣಗಿ ಕುಗ್ಗಿ ಸಂದು ಬಿಟ್ಟಿತ್ತು. ಗಾಜು ಮುಚ್ಚಿದ್ದ ಕಡೆ ಮರ ತಿಳಿ, ಉಳಿದದ್ದು ಕಪ್ಪು. ಆ ಗೆರೆ ಗಾಜಿನ ಅಂಚಿಗೆ ಸರಿಯಾಗಿ ಕೂತಿತ್ತು. ಮೊಳೆಗೆ ಎರಡನೇ ತೂತಿಲ್ಲ. ಅಂದರೆ ಗಾಜು, ಚೌಕಟ್ಟು ಮೊದಲಿನಿಂದಲೂ ಜೋಡಿ.

ನಾಲ್ಕೂ ಗುರುತು ಒಂದೇ ಮಾತು ಹೇಳಿದವು: ಹಳೇದು, ಕೆಡದ ಜೋಡಿ. ಅವನು ತೆಗಳಿದ ಕಲೆಯೇ ಅದಕ್ಕೆ ಸಾಕ್ಷಿ. ಹೊಸ ಲೇಪ ಹಾಕಿಸಿದರೆ ಅದು ಅಳಿಸಿಹೋಗುತ್ತದೆ.

ಅತ್ತಿ ಕೊಡಲಿಲ್ಲ. ಗೋಡೆಯ ತೇವ ತಾಗದಂತೆ ಹಿಂದೆ ನಾಲ್ಕು ಮರದ ತುಂಡು ಇಟ್ಟು ನೇತುಹಾಕಿದೆವು. ಈಗ ಒಣ ಬಟ್ಟೆಯಿಂದಷ್ಟೇ ಒರೆಸುತ್ತಾಳೆ.