ಮೀನಿನ ಬಾಯಿಯಲ್ಲಿ ಎರಡಾದ ನದಿ

ದೂಜಿಯಾಂಗ್ಯಾನ್‌ಗೆ ಹೋದವರಿಗೆ ಮೊದಲು ಆಗುವುದು ಸಣ್ಣ ನಿರಾಸೆ. ಎರಡು ಸಾವಿರದ ಇನ್ನೂರು ವರ್ಷದಿಂದ ಒಂದು ಬಯಲಿಗೇ ನೀರು ಕೊಡುತ್ತಿರುವ ಕಾಮಗಾರಿ ಎಂದರೆ ನಮ್ಮ ಕಣ್ಣು ಎತ್ತರದ ಗೋಡೆಯನ್ನು ಹುಡುಕುತ್ತದೆ. ಅಲ್ಲಿ ಗೋಡೆಯೇ ಇಲ್ಲ. ಅನ್‌ಲಾನ್ ತೂಗುಸೇತುವೆಯ ಮೇಲೆ ನಿಂತು ನೋಡಿದರೆ ಮಿನ್ ನದಿ ಬೆಟ್ಟಗಳ ನಡುವಿನಿಂದ ಹಸಿರಾಗಿ ಇಳಿದು ಬರುತ್ತದೆ. ನಡುವೆ ಒಂದು ಚೂಪು ತುದಿಯ ದಿಬ್ಬ ಸಿಗುತ್ತದೆ. ಅಲ್ಲಿಗೆ ಬಂದ ನೀರು ಸದ್ದು ಮಾಡದೆ ಎರಡು ಪಾಲಾಗಿ ಮುಂದೆ ಹೋಗುತ್ತದೆ. ಸೇತುವೆ ಅಲುಗಾಡುತ್ತಿತ್ತು, ಹಿಂದಿನವರು ಫೋಟೋಕ್ಕಾಗಿ ಜಾಗ ಕೇಳುತ್ತಿದ್ದರು. ಸಿವಿಲ್ ಎಂಜಿನಿಯರಿಂಗ್ ಓದಿದ ನನಗೆ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ. ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ: ಗೇಟುಗಳಿಲ್ಲದ ಆ ಕಾಲದಲ್ಲಿ, ಬೇಸಿಗೆಗೆ ಬೇಕಾದಷ್ಟು ನೀರು ಕೊಟ್ಟು, ಪ್ರವಾಹ ಬಂದಾಗ ಮಾತ್ರ ಬೇಡ ಎನ್ನುವ ಬುದ್ಧಿ ಈ ದಿಬ್ಬಕ್ಕೆ ಬಂದದ್ದು ಹೇಗೆ?

ಕಾಲವನ್ನು ಮೊದಲು ಹೇಳಿಬಿಡುತ್ತೇನೆ. ಕ್ರಿ.ಪೂ. 316ರಲ್ಲಿ ಚಿನ್ ರಾಜ್ಯ ಶೂ ದೇಶವನ್ನು, ಅಂದರೆ ಇಂದಿನ ಸಿಚುವಾನನ್ನು ಗೆದ್ದುಕೊಂಡಿತು. ಸುಮಾರು ಕ್ರಿ.ಪೂ. 256ರ ಹೊತ್ತಿಗೆ ಲೀ ಬಿಂಗ್ ಎಂಬಾತ ಅಲ್ಲಿನ ಆಡಳಿತಾಧಿಕಾರಿಯಾಗಿದ್ದ. ಚೆಂಗ್ಡು ಬಯಲಿನ ಪಾಡು ವಿಚಿತ್ರವಾಗಿತ್ತು. ಹಿಮ ಕರಗಿ ಮಳೆಯೂ ಸೇರಿದಾಗ ಮಿನ್ ನದಿ ಉಕ್ಕಿ ತನ್ನ ಪಾತ್ರದ ಅಕ್ಕಪಕ್ಕವನ್ನೆಲ್ಲ ಮುಳುಗಿಸುತ್ತಿತ್ತು. ಪೂರ್ವದ ಹೊಲಗಳಿಗೆ ಮಾತ್ರ ಹನಿ ನೀರಿರಲಿಲ್ಲ, ಏಕೆಂದರೆ ನಡುವೆ ಯೂಲೇ ಬೆಟ್ಟದ ಚಾಚು ಅಡ್ಡ ಬಿದ್ದಿತ್ತು. ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟುವಂತೆಯೂ ಇರಲಿಲ್ಲ, ಅದೇ ನದಿಯಲ್ಲಿ ದೋಣಿಗಳು ಓಡಾಡಬೇಕಿತ್ತು.

ಆದ್ದರಿಂದ ಬೆಟ್ಟವನ್ನೇ ಕಡಿದರು. ಸಿಡಿಮದ್ದು ಹುಟ್ಟಲು ಇನ್ನೂ ಸಾವಿರ ವರ್ಷ ಬೇಕಿತ್ತು. ಬಂಡೆಯ ಮೇಲೆ ಸೌದೆ ಒಟ್ಟಿ ಉರಿಸಿ, ಕಾದ ಕಲ್ಲಿನ ಮೇಲೆ ತಣ್ಣೀರು ಸುರಿದು, ಬಿರುಕು ಬಿಟ್ಟದ್ದನ್ನು ಎಬ್ಬಿಸಿ ತೆಗೆದರು ಎಂದು ಪರಂಪರೆ ಹೇಳುತ್ತದೆ. ಹೀಗೆ ಎಂಟು ವರ್ಷ ನಡೆಯಿತಂತೆ. ಕೊನೆಗೆ ಸಿಕ್ಕಿದ್ದು ಸುಮಾರು 20 ಮೀಟರ್ ಅಗಲದ ಒಂದು ಸಂದು. ಅದರ ಹೆಸರು ಬಾವ್‌ಪಿಂಗ್‌ಕೌ, ಹೂಜಿಯ ಬಾಯಿ. ಬಯಲಿಗೆ ಹೋಗುವ ನೀರೆಲ್ಲ ಈ ಕತ್ತಿನ ಮೂಲಕವೇ ಹೋಗಬೇಕು. ಅದರಾಚೆ ನೆಲ ಆಗ್ನೇಯಕ್ಕೆ ಇಳಿಜಾರಾಗಿರುವುದರಿಂದ ನೀರು ತಾನಾಗಿ ಹರಿಯುತ್ತದೆ, ಎತ್ತುವ ಕೆಲಸವಿಲ್ಲ.

ಈಗ ದಿಬ್ಬದ ಬುದ್ಧಿಗೆ ಬರೋಣ. ಅದರ ಚೂಪು ತುದಿಗೆ ಯೂಜುಯಿ, ಮೀನಿನ ಬಾಯಿ ಎಂದು ಹೆಸರು. ಅಲ್ಲಿ ನದಿ ಹೊರಹೊಳೆ ಮತ್ತು ಒಳಹೊಳೆ ಎಂದು ಎರಡಾಗುತ್ತದೆ. ಒಳಹೊಳೆ ಕಿರಿದು, ಆದರೆ ಆಳ. ಹೊರಹೊಳೆ ಅಗಲ, ಆದರೆ ಆಳವಿಲ್ಲ. ನೀರು ಕಡಿಮೆಯಿದ್ದಾಗ ಅದು ಆಳವನ್ನು ಹುಡುಕಿಕೊಂಡು, ತಿರುವನ್ನು ಅನುಸರಿಸಿ ಒಳಹೊಳೆಗೆ ಹೋಗುತ್ತದೆ, ಹತ್ತರಲ್ಲಿ ಸುಮಾರು ಆರು ಪಾಲು. ಪ್ರವಾಹ ಬಂದಾಗ ಅದೇ ನೀರಿಗೆ ತಿರುವಿನ ಮಾತು ಕೇಳುವ ತಾಳ್ಮೆ ಇರುವುದಿಲ್ಲ. ನೇರವಾಗಿ ನುಗ್ಗಿ ಅಗಲವಾದ ಹೊರಹೊಳೆಯನ್ನು ತುಂಬುತ್ತದೆ. ಆಗ ಲೆಕ್ಕ ತಿರುಗಿ, ಒಳಗೆ ಬರುವುದು ನಾಲ್ಕು ಪಾಲು ಮಾತ್ರ. ಯಾರೂ ಏನನ್ನೂ ತೆರೆಯಬೇಕಿಲ್ಲ, ಮುಚ್ಚಬೇಕಿಲ್ಲ.

ನೀರು ಹಂಚುವುದು ಇಷ್ಟು ಸುಲಭವಾದರೂ ಕಷ್ಟ ಇರುವುದು ಮರಳಿನಲ್ಲಿ. ಬೆಟ್ಟದ ನದಿ ಬರಿಗೈಯಲ್ಲಿ ಬರುವುದಿಲ್ಲ, ಮರಳು, ಜಲ್ಲಿ, ತಲೆಗಾತ್ರದ ಗುಂಡುಗಳನ್ನೆಲ್ಲ ಉರುಳಿಸಿಕೊಂಡು ಬರುತ್ತದೆ. ಕಾಲುವೆಗಳು ಸಾಯುವುದು ಹೆಚ್ಚಾಗಿ ಹೂಳಿನಿಂದಲೇ. ಇಲ್ಲಿ ಮಾಡಿದ ಉಪಾಯ ನನಗೆ ಇಡೀ ಕಾಮಗಾರಿಯಲ್ಲಿ ಅತ್ಯಂತ ಇಷ್ಟವಾದದ್ದು. ತಿರುವಿನಲ್ಲಿ ಹರಿಯುವ ನೀರಿನ ಮೇಲ್ಪದರ ಹೊರಬದಿಯ ದಡಕ್ಕೆ ತಳ್ಳಲ್ಪಡುತ್ತದೆ, ತಳದ ನೀರು ಅದಕ್ಕೆ ಎದುರಾಗಿ ಒಳಬದಿಗೆ ಸರಿಯುತ್ತದೆ. ಮರಳು ಇರುವುದು ತಳದಲ್ಲಿ. ಒಳಹೊಳೆ ಇರುವುದು ತಿರುವಿನ ಹೊರಬದಿಯಲ್ಲಿ, ಆದ್ದರಿಂದ ಅದಕ್ಕೆ ತಿಳಿನೀರು, ಹೊರಹೊಳೆಗೆ ಬಹುಪಾಲು ಮರಳು. ಚಹಾ ಲೋಟವನ್ನು ಚಮಚದಿಂದ ತಿರುವಿ ಬಿಟ್ಟಾಗ ಪುಡಿಯೆಲ್ಲ ತಳದ ನಡುವಿಗೆ ಬಂದು ಕೂರುವುದೂ ಇದೇ ಕಾರಣಕ್ಕೆ.

ಅಷ್ಟಾದರೂ ತಪ್ಪಿಸಿಕೊಂಡು ಒಳಗೆ ಬಂದ ಮರಳಿಗೆ ಇನ್ನೊಂದು ಬಾಗಿಲಿದೆ. ಹೂಜಿಯ ಬಾಯಿಗಿಂತ ಸ್ವಲ್ಪ ಮೇಲೆ, ಒಳಹೊಳೆಯ ಪಕ್ಕದಲ್ಲಿ ಸುಮಾರು 200 ಮೀಟರ್ ಉದ್ದದ ತಗ್ಗು ಒಡ್ಡು ಇದೆ. ಅದರ ಹೆಸರು ಫೇಶಾಯಾನ್, ಮರಳು ಹಾರಿಸುವ ಒಡ್ಡು. ಅದರ ಎತ್ತರ ನದಿಯ ತಳದಿಂದ ಎರಡು ಮೀಟರಿನ ಆಸುಪಾಸು. ನೀರು ಹೆಚ್ಚಾದಾಗ ಕಿರಿದಾದ ಕತ್ತು ಅದನ್ನು ನುಂಗಲಾರದೆ ಹಿಂದಕ್ಕೆ ತಳ್ಳುತ್ತದೆ. ಹೀಗೆ ಏರಿದ ನೀರು ಸುಳಿಯಾಗಿ, ತಳದ ಮರಳನ್ನೂ ಕಲ್ಲನ್ನೂ ಎತ್ತಿಕೊಂಡು ಒಡ್ಡನ್ನು ದಾಟಿ ಹೊರಹೊಳೆಗೆ ಸೇರುತ್ತದೆ. ಪ್ರವಾಹ ದೊಡ್ಡದಾದಷ್ಟೂ ಸ್ವಚ್ಛತೆ ಹೆಚ್ಚು.

ಒಡ್ಡನ್ನು ಇನ್ನೊಂದು ಮೀಟರ್ ಎತ್ತರಿಸಿದ್ದರೆ ಬೇಸಿಗೆಯಲ್ಲಿ ಹೆಚ್ಚು ನೀರು ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಆದರೆ ಮಳೆಗಾಲದಲ್ಲಿ ಮರಳು ಹಾರುತ್ತಿರಲಿಲ್ಲ, ಬಯಲಿಗೂ ನೆರೆ ನುಗ್ಗುತ್ತಿತ್ತು. ಹೀಗಾಗಿ ತಳವನ್ನು ಆಳವಾಗಿ ತೋಡಬೇಕು, ಒಡ್ಡನ್ನು ತಗ್ಗಾಗಿಯೇ ಇಡಬೇಕು ಎಂಬುದು ಅಲ್ಲಿನ ನಿಯಮ. ಎಷ್ಟು ಆಳ ಎಂಬುದಕ್ಕೆ ಒಡ್ಡಿನ ಎದುರು ನದಿಯ ತಳದಲ್ಲಿ ಕಬ್ಬಿಣದ ಸರಳುಗಳನ್ನು ಹೂತಿಟ್ಟಿದ್ದಾರೆ. ಹೂಳೆತ್ತುವವರು ಸರಳು ಕಾಣುವವರೆಗೆ ಅಗೆಯಬೇಕು. ಕಾಣುವ ಮೊದಲೇ ನಿಲ್ಲಿಸಿದರೆ ಹೊಲಗಳಿಗೆ ನೀರು ಸಾಲದು, ದಾಟಿ ಅಗೆದರೆ ಮಳೆಗಾಲದಲ್ಲಿ ಹೆಚ್ಚಾಗುತ್ತದೆ.

ಈ ಅಗೆತ ಪ್ರತಿ ಚಳಿಗಾಲದ ಕೆಲಸ. ಮೂರು ನಾಲ್ಕು ಮರದ ದಿಮ್ಮಿಗಳನ್ನು ಮೇಲೆ ಸೇರಿಸಿ ಕಟ್ಟಿ ಮುಕ್ಕಾಲಿಯಂತೆ ನಿಲ್ಲಿಸುತ್ತಿದ್ದರು. ಇದಕ್ಕೆ ಮಾಚಾ ಎನ್ನುತ್ತಾರೆ. ಕಲ್ಲಿನ ಭಾರ ಹೇರಿ, ಸಾಲಾಗಿ ಇಟ್ಟು, ಮುಂದೆ ಚಾಪೆ ಹಾಸಿ ಜೇಡಿ ಮೆತ್ತಿದರೆ ತಾತ್ಕಾಲಿಕ ಕಟ್ಟೆ ಸಿದ್ಧ. ಒಂದು ಹೊಳೆಯನ್ನು ಹೀಗೆ ಮುಚ್ಚಿ ಒಣಗಿಸಿ ಹೂಳೆತ್ತಿ, ಆಮೇಲೆ ಇನ್ನೊಂದರ ಸರದಿ. ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬದ ಹೊತ್ತಿಗೆ ಹಗ್ಗ ಕಡಿದು ನೀರು ಬಿಡುತ್ತಿದ್ದರು. ಮೀನಿನ ಬಾಯಿಯೂ ಕಲ್ಲು ತುಂಬಿದ ಉದ್ದುದ್ದ ಬಿದಿರಿನ ಬುಟ್ಟಿಗಳದ್ದೇ ಆಗಿತ್ತು. ಬುಟ್ಟಿ ನೀರಿನ ಹೊಡೆತಕ್ಕೆ ಬಾಗುತ್ತದೆ, ಸಂದುಗಳಲ್ಲಿ ನೀರು ಸೋರಿಹೋಗುತ್ತದೆ, ಆದರೆ ಬಿದಿರು ಬೇಗ ಕೊಳೆಯುತ್ತದೆ. ಈ ತಲೆನೋವು ಸಾಕೆಂದು ಯುವಾನ್ ಕಾಲದವರು ಕಬ್ಬಿಣದ ಆಮೆಯನ್ನೂ ಮಿಂಗ್ ಕಾಲದವರು ಕಬ್ಬಿಣದ ಎತ್ತುಗಳನ್ನೂ ಎರಕ ಹೊಯ್ದು ಅಲ್ಲಿ ಕೂರಿಸಿದರು. ನದಿ ಅವುಗಳ ತಳದ ಜಲ್ಲಿಯನ್ನೇ ಕೊರೆದು ಅವನ್ನೂ ಕೆಡವಿತು.

ಹಾಗಾದರೆ ಇಂದು ನಾವು ನೋಡುವುದರಲ್ಲಿ ಲೀ ಬಿಂಗ್‌ನದ್ದು ಎಷ್ಟು? 1933ರ ಭೂಕಂಪದಲ್ಲಿ ಬೆಟ್ಟ ಕುಸಿದು ಮೇಲೆ ಕೆರೆಗಳು ನಿಂತವು. ಆ ಅಕ್ಟೋಬರಿನಲ್ಲಿ ಅವು ಒಡೆದು ಬಂದ ನೀರು ಮೀನಿನ ಬಾಯಿಯನ್ನು ಕೊಚ್ಚಿಹಾಕಿತು. ಈಗಿನದು ಕಾಂಕ್ರೀಟಿನದು. 2008ರ ಭೂಕಂಪದಲ್ಲಿ ಅದೂ ಬಿರುಕುಬಿಟ್ಟಿತು, ರಿಪೇರಿ ಮಾಡಿದರು. 1974ರಲ್ಲಿ ಹೊರಹೊಳೆಗೆ ಗೇಟುಗಳು ಬಂದವು, ಮುಕ್ಕಾಲಿಗಳು ಈಗ ಹಬ್ಬದ ದಿನದ ಪ್ರದರ್ಶನಕ್ಕಷ್ಟೇ. ಅದೇ ವರ್ಷ ನದಿಯ ತಳದಲ್ಲಿ ಲೀ ಬಿಂಗ್‌ನ ಸುಮಾರು ಮೂರು ಮೀಟರ್ ಎತ್ತರದ ಕಲ್ಲಿನ ಮೂರ್ತಿ ಸಿಕ್ಕಿತು. ಅದರ ಮೇಲಿನ ಬರಹದ ಪ್ರಕಾರ ಕಡೆದದ್ದು ಕ್ರಿ.ಶ. 168ರಲ್ಲಿ, ಅಂದರೆ ಆತ ಹೋಗಿ ನಾನೂರು ವರ್ಷಗಳ ಮೇಲೆ. ಆತನ ಕಾಲದ್ದೆಂದು ಕೈಯಿಟ್ಟು ತೋರಿಸಬಹುದಾದದ್ದು ಬೆಟ್ಟದಲ್ಲಿ ಕಡಿದ ಆ ಸಂದು, ಅದರ ಬದಿಗೂ ಈಗ ಕಾಂಕ್ರೀಟು ಮೆತ್ತಿದ್ದಾರೆ. ಉಳಿದಂತೆ ಹಳೆಯದಾಗಿರುವುದು ಯಾವ ತಿರುವಿನಲ್ಲಿ ಏನಿರಬೇಕು ಎಂಬ ಜಾಗದ ಆಯ್ಕೆ.

2003ರಲ್ಲಿ ಮೀನಿನ ಬಾಯಿಗಿಂತ ಸ್ವಲ್ಪವೇ ಮೇಲೆ ಯಾಂಗ್ಲಿಯುಹು ಎಂಬಲ್ಲಿ ಹೊಸ ಅಣೆಕಟ್ಟು ಕಟ್ಟುವ ಯೋಜನೆ ಹೊರಬಂತು. ಪತ್ರಿಕೆಗಳಲ್ಲಿ ವಿರೋಧ ಎದ್ದು ಅದೇ ಆಗಸ್ಟಿನಲ್ಲಿ ಅದನ್ನು ಕೈಬಿಟ್ಟರು. ಆದರೆ ಇನ್ನಷ್ಟು ಮೇಲಿನ ಜಿಪಿಂಗ್ಪು ಅಣೆಕಟ್ಟು ನಿಲ್ಲಲಿಲ್ಲ. 156 ಮೀಟರ್ ಎತ್ತರದ ಆ ಗೋಡೆಯ ಹಿಂದೆ ಈಗ ಮಿನ್ ನದಿಯ ಜಲ್ಲಿ ಉಳಿದುಬಿಡುತ್ತದೆ. ನಾನು ಸೇತುವೆಯಿಂದ ಕಂಡ ಆ ತಿಳಿ ಹಸಿರು ನೀರು ಅಲ್ಲಿಂದ ಬಿಟ್ಟದ್ದು. ಮರಳು ಹಾರಿಸುವ ಒಡ್ಡಿಗೆ ಇತ್ತೀಚೆಗೆ ಹಾರಿಸಲು ಮರಳು ಮೊದಲಿನಷ್ಟು ಬರುತ್ತಿಲ್ಲ.