ಇಶ್ಕ್, ಮೊಹಬ್ಬತ್, ಪ್ಯಾರ್

ಉರ್ದು ಕಾವ್ಯದಲ್ಲಿ ಈ ಮೂರೂ ಪ್ರೀತಿಯ ಹೆಸರುಗಳೇ; ಆದರೆ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲದು. ಸಂಸ್ಕೃತದ ‘ಪ್ರಿಯ’ದಿಂದ ಪ್ರಾಕೃತದ ಮೂಲಕ ಬಂದ ‘ಪ್ಯಾರ್’ ಮನೆಮಾತು. ಮಗುವಿನ ಮೇಲಿನ ಮಮತೆಗೂ ಸಲ್ಲುತ್ತದೆ. ಅರಬ್ಬಿಯ ‘ಮೊಹಬ್ಬತ್’ ಸ್ನೇಹವನ್ನೂ ಭಕ್ತಿಯನ್ನೂ ಒಳಗೊಳ್ಳುವ ಒಲವು. ‘ಇಶ್ಕ್’ ಪದವನ್ನಾದರೋ ಅರಬ್ಬಿ ನಿಘಂಟುಕಾರರು ಮರವನ್ನು ಸುತ್ತಿ ಒಣಗಿಸುವ ಬಳ್ಳಿಯೊಂದರ ಹೆಸರಿನೊಡನೆ ಜೋಡಿಸುತ್ತಾರೆ.

ಮೀರ್ ತಕೀ ಮೀರ್ (1723–1810) ರಚಿಸಿದ ‘ದರಿಯಾ-ಎ-ಇಶ್ಕ್’ ಎಂಬ ಕಥನಕಾವ್ಯದಲ್ಲಿ ದಾಸಿಯು ನಾಯಕಿಯ ಪಾದರಕ್ಷೆಯನ್ನು ನದಿಗೆಸೆದು ಪ್ರೇಮಿಯನ್ನು ಕೆಣಕುತ್ತಾಳೆ. ಅವನು ಧುಮುಕಿ ಮುಳುಗುತ್ತಾನೆ. ಮುಂದೆ ನಾಯಕಿಯೂ ಅಲ್ಲಿಯೇ ಹಾರುತ್ತಾಳೆ. ಹೊರತೆಗೆದಾಗ ಎರಡು ದೇಹಗಳೂ ಬಿಡಿಸಲಾಗದಂತೆ ಹೆಣೆದುಕೊಂಡಿರುತ್ತವೆ. ಬಳ್ಳಿಯ ಅರ್ಥವೇ ಇಲ್ಲಿ ಕಥೆಯಾಗಿದೆ. ಆ ಶೀರ್ಷಿಕೆಯಲ್ಲಿ ‘ಪ್ಯಾರ್’ ಎಂದಿಟ್ಟರೆ ಸಾವಿನ ಅನಿವಾರ್ಯತೆ ಅಳಿದು, ದುರ್ಘಟನೆಯೊಂದು ಮಾತ್ರ ಉಳಿಯುತ್ತದೆ.