ಹೆಸರಿನಾಗ ಇಸವಿ ಬ್ಯಾಡ

ಸುರಪುರದ ಕನ್ನಡ ಸಾಹಿತ್ಯ ಸಂಘ ನಿಜಾಮರ ಕಾಲದಲ್ಲೇ ಹುಟ್ಟಿದ್ದು. ನವರಾತ್ರಿಯಲ್ಲಿ ಅದು ನಡೆಸುವ ಕಾರ್ಯಕ್ರಮದ ಹೆಸರು ನಾಡಹಬ್ಬ. ಹೆಸರು ಅಲ್ಲಿ ಕಟ್ಟಿದ್ದಲ್ಲ. 1926ರಲ್ಲಿ ಧಾರವಾಡದಲ್ಲಿ ಬೇಂದ್ರೆಯವರು ಶುರುಮಾಡಿದ ಹಬ್ಬದ್ದು. ನಿಜಾಮರು ಹೋದರು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು, 2009ರ ಡಿಸೆಂಬರ್ 30ಕ್ಕೆ ಯಾದಗಿರಿಯೇ ಜಿಲ್ಲೆಯಾಯಿತು. ಇಷ್ಟಾದರೂ ಆ ಹೆಸರಿನಲ್ಲಿ ಒಂದಕ್ಷರ ತಿದ್ದುವ ಪ್ರಸಂಗ ಬರಲಿಲ್ಲ. ಸೆಪ್ಟೆಂಬರ್ 17ರ ಸರಕಾರಿ ಆಚರಣೆಯ ಪಾಡು ಬೇರೆ. ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ ಎನ್ನುತ್ತಿದ್ದುದು 2019ರಲ್ಲಿ ಪ್ರದೇಶದ ಹೆಸರು ಬದಲಾದಾಗ ಕಲ್ಯಾಣ ಕರ್ನಾಟಕ ಉತ್ಸವವಾಯಿತು.

ಶಹಾಪುರದ ನಮ್ಮ ಓಣಿಯ ಕಮಿಟಿ ಹೊಸ ಹಬ್ಬಕ್ಕೆ ಹೆಸರಿಡಲು ಕೂತಾಗ ನನ್ನ ತಲೆಯಲ್ಲಿ ಸುರಪುರದ ಆ ನಾಡಹಬ್ಬದ ಹೆಸರೇ ಓಡುತ್ತಿತ್ತು. ಹುಡುಗರು ಬರೆದು ತಂದಿದ್ದು 'ಪ್ರಥಮ ವರ್ಷದ ಸಾಂಸ್ಕೃತಿಕ ಸಂಜೆ 2018'. ಕೇಳಲು ಚೆಂದವೇ. ಆದರೆ ಇಸವಿ ಇದ್ದರೆ ಬ್ಯಾನರ್ ಮುಂದಿನ ವರ್ಷ ಸೌದೆಯ ಮೇಲಿನ ಹೊದಿಕೆ, ಅಷ್ಟೇ. 'ಸಂಜೆ' ಎಂದರೆ ಮಕ್ಕಳ ಚಿತ್ರಸ್ಪರ್ಧೆಯನ್ನು ಬೆಳಿಗ್ಗೆ ಇಡಲು ಬರುವುದಿಲ್ಲ. ಬಯಲಾಟವಂತೂ ಸಂಜೆ ಶುರುವಾಗುವುದೂ ಇಲ್ಲ, ಸಂಜೆಗೆ ಮುಗಿಯುವುದೂ ಇಲ್ಲ. ಮತ್ತೊಬ್ಬರು, ಹೆಚ್ಚು ಪಟ್ಟಿ ಕೊಟ್ಟವರ ತಂದೆಯ ಹೆಸರಿಡೋಣ ಎಂದರು.

"ಕಾಕಾ, ಬರೋ ವರ್ಷ ಅವ್ರು ಕೊಡ್ಲಿಲ್ಲಂದ್ರ ಏನ್ ಮಾಡ್ತೀರಿ?" ಎಂದೆ.

"ಹೌದಲ್ಲೋ, ಆಮ್ಯಾಲ ಹೆಸರು ತಗದ್ರ ಜಗಳ, ಇಟ್ರ ಪುಕ್ಕಟೆ" ಎಂದು ಕಾಕಾ ಗದ್ದ ತುರಿಸಿಕೊಂಡರು.

ಓಣಿಯ ಹೆಸರನ್ನೂ ಬಿಟ್ಟೆವು. ಪಕ್ಕದ ಓಣಿಯವರು ಪಟ್ಟಿ ಕೊಟ್ಟೂ ಹೊರಗಿನವರಾಗುತ್ತಾರೆ. ಉಳಿದದ್ದು ಕಣ್ಣೆದುರಿನ ಗುಡ್ಡ. 'ಗುಡ್ಡದಡಿ ಹಬ್ಬ' ಎಂದಾಯಿತು. ಆಟೋಕ್ಕೆ ಮೈಕು ಕಟ್ಟಿಕೊಂಡು ಕೂಗುವವನು ಒಂದೇ ಉಸಿರಿನಲ್ಲಿ ಹೇಳಬಲ್ಲ. ಅದೂ ಒಂದು ಪರೀಕ್ಷೆಯೇ: 'ಸಾಂಸ್ಕೃತಿಕ ಸಮ್ಮಿಲನ ಮಹೋತ್ಸವ' ಎಂಬುದು ಓಣಿಯ ತಿರುವು ದಾಟುವುದರೊಳಗೆ ಮುಗಿಯುವುದಿಲ್ಲ.

ಕಮಿಟಿಯ ಹೆಸರನ್ನು ಮಾತ್ರ ಬೇರೆಯೇ ಇಟ್ಟೆವು. ಪಾಸ್‌ಬುಕ್ಕು, ಪಾವತಿ ಪುಸ್ತಕ ಕಮಿಟಿ ಹೆಸರಿನಲ್ಲಿ. ಹಬ್ಬದ ಹೆಸರು ವೇದಿಕೆಯ ಹಿಂದೆ ಮಾತ್ರ. ನಾಳೆ ಅದೇ ಕಮಿಟಿ ಗಣಪತಿ ಕೂಡಿಸಿದರೂ ಲೆಕ್ಕ ಒಂದೇ ಕಡೆ ಇರುತ್ತದೆ. ದೊಡ್ಡ ಬ್ಯಾನರ್ ಬಟ್ಟೆಯದು, ಹೆಸರಷ್ಟೇ ಬರೆಸಿದ್ದು. ದಿನಾಂಕ, ಅತಿಥಿ, ದಾನಿಗಳದ್ದು ಕೆಳಗೆ ಕಟ್ಟುವ ಸಣ್ಣ ಫ್ಲೆಕ್ಸ್. ವರ್ಷಕ್ಕೊಮ್ಮೆ ಅದನ್ನಷ್ಟೇ ಮಾಡಿಸುವುದು.

'ಎಷ್ಟನೇ ವರ್ಷ' ಎಂಬುದೂ ಆ ಸಣ್ಣದಕ್ಕೇ ಹೋಯಿತು. 2020ರಲ್ಲಿ ಕೊರೊನಾ ಬಂದು ಹಬ್ಬ ನಿಂತಿತಲ್ಲ, ಮತ್ತೆ ಶುರುವಾದಾಗ ಕಾಕಾ ಹಬ್ಬ ಹುಟ್ಟಿದ ವರ್ಷದಿಂದ ಎಣಿಸಿದರು, ಹುಡುಗರು ನಡೆದದ್ದನ್ನಷ್ಟೇ ಎಣಿಸಿದರು. ಲೆಕ್ಕ ಇನ್ನೂ ಕೂಡಿಲ್ಲ; ಹೋದ ವರ್ಷದ ಫ್ಲೆಕ್ಸಿನಲ್ಲಿ ಅಂಕಿಯನ್ನೇ ಹಾಕಿಸಲಿಲ್ಲ.